ಸೈಬರ್ ಸೆಂಟರಿನಲ್ಲಿ ಡ್ರೈವ್ ತೆರೆದಿರಾ? ಅಲ್ಲೇ ಉಳಿಯುವ ಪ್ರತಿಗಳನ್ನು ಅಳಿಸುವ ಸರಿಯಾದ ಕ್ರಮ

ಮಳೆಗಾಲ ಹಿಡಿಯುವ ಹೊತ್ತಿಗೇ ಕಾಲೇಜು ಸೇರುವ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಕೆಲಸಗಳೂ ಶುರುವಾಗುತ್ತವೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನ ಊರುಗಳಲ್ಲಿ ಆ ದಿನಗಳಲ್ಲಿ ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಬಂದರೆ ಕರೆಂಟ್ ಹೋಗಿರುತ್ತದೆ. ಹಾಗಾಗಿ ಎಷ್ಟೋ ಜನ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು ಸೈಬರ್ ಸೆಂಟರಿನಲ್ಲೋ, ಪರಿಚಯದವರ ಆಫೀಸಿನಲ್ಲೋ ಕೂತು ಕೆಲಸ ಮುಗಿಸುತ್ತಾರೆ. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅಪ್ಪನ ಹೆಸರಿನ ಪಹಣಿ ಎಲ್ಲವೂ ಗೂಗಲ್ ಡ್ರೈವ್‌ನಲ್ಲೇ ಇರುತ್ತವೆ. ಬೇಕಾದ್ದನ್ನು ತೆರೆದು, ಅಪ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ಲಾಗೌಟ್ ಆಗಿ ಬಸ್ ಹಿಡಿಯುತ್ತಾರೆ.

ಲಾಗೌಟ್ ಆದರೆ ನಿಮ್ಮ ಖಾತೆಯ ಬಾಗಿಲೇನೋ ಮುಚ್ಚುತ್ತದೆ. ಆದರೆ ಅಷ್ಟರೊಳಗೆ ಆ ಕಂಪ್ಯೂಟರಿನ ಡಿಸ್ಕ್‌ಗೆ ಇಳಿದ ಫೈಲ್‌ಗಳು ಅಲ್ಲೇ ಕೂತಿರುತ್ತವೆ. ಅವು ಹೇಗೆ ಇಳಿಯುತ್ತವೆ, ಯಾವ ಕ್ರಮದಲ್ಲಿ ಅಳಿಸಬೇಕು ಅನ್ನುವುದನ್ನು ಇಲ್ಲಿ ನೋಡೋಣ. ಕ್ರಮ ಅನ್ನುವ ಮಾತಿಗೆ ಒತ್ತು ಕೊಡುತ್ತಿದ್ದೇನೆ. ಅದು ತಪ್ಪಿದರೆ ಸೈಬರಿನ ಪ್ರತಿಯ ಜೊತೆಗೆ ನಿಮ್ಮ ಮೂಲ ಫೈಲೂ ಹೋಗುತ್ತದೆ.

## ಸಿಂಕ್ ಅಂದರೆ ಏನು?

ಕ್ಲೌಡ್ ಅಂದರೆ ಕಂಪನಿಯೊಂದರ ದೊಡ್ಡ ಕಂಪ್ಯೂಟರುಗಳಲ್ಲಿ ನಿಮಗಾಗಿ ಇಟ್ಟಿರುವ ಜಾಗ. ಗೂಗಲ್ ಡ್ರೈವ್, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲವೂ ಅಂಥವೇ. ಅಲ್ಲಿರುವ ಫೈಲನ್ನು ಎರಡು ದಾರಿಯಲ್ಲಿ ಮುಟ್ಟಬಹುದು. ಒಂದು, ಕ್ರೋಮ್‌ನಂಥ ಬ್ರೌಸರಿನಲ್ಲಿ drive.google.com ತೆರೆಯುವುದು. ಇನ್ನೊಂದು, ಆ ಕಂಪನಿಯ ಆ್ಯಪನ್ನು ಕಂಪ್ಯೂಟರಿಗೆ ಹಾಕಿಕೊಂಡು, ಕ್ಲೌಡ್‌ನಲ್ಲಿರುವುದನ್ನೆಲ್ಲ ಒಂದು ಮಾಮೂಲಿ ಫೋಲ್ಡರಿನ ಹಾಗೆ ಬಳಸುವುದು. ಈ ಎರಡನೆಯ ದಾರಿಯಲ್ಲಿ ನಡೆಯುವ ಕೆಲಸಕ್ಕೆ ಸಿಂಕ್ ಅನ್ನುತ್ತಾರೆ.

ತೋಟದಲ್ಲಿ ಎರಡು ನೀರಿನ ತೊಟ್ಟಿಗಳಿವೆ, ತಳದಲ್ಲಿ ಒಂದು ಪೈಪ್ ಎರಡನ್ನೂ ಸೇರಿಸಿದೆ ಅಂದುಕೊಳ್ಳಿ. ಒಂದಕ್ಕೆ ನೀರು ಬಿಟ್ಟರೆ ಇನ್ನೊಂದರಲ್ಲೂ ಮಟ್ಟ ಏರುತ್ತದೆ. ಒಂದನ್ನು ಖಾಲಿ ಮಾಡಿದರೆ ಇನ್ನೊಂದೂ ಖಾಲಿ. ಒಂದನ್ನು ಮಾತ್ರ ತೊಳೆಯಬೇಕಿದ್ದರೆ ಮೊದಲು ನಡುವಿನ ಗೇಟ್ ವಾಲ್ವ್ ಮುಚ್ಚಬೇಕು. ಸಿಂಕ್ ಕೂಡ ಹೀಗೇ. ಸೈಬರ್ ಕಂಪ್ಯೂಟರಿನ ಫೋಲ್ಡರಿಗೆ ಹಾಕಿದ ಫೈಲ್ ಕ್ಲೌಡ್‌ಗೆ ಏರುತ್ತದೆ, ಕ್ಲೌಡ್‌ನಲ್ಲಿರುವುದು ಫೋಲ್ಡರಿಗೆ ಇಳಿಯುತ್ತದೆ. ಫೋಲ್ಡರಿನಲ್ಲಿ ಡಿಲೀಟ್ ಮಾಡಿದ್ದು ಕ್ಲೌಡ್‌ನಿಂದಲೂ ಹೋಗುತ್ತದೆ.

## ಫೋಟೋ ಹತ್ತಿಸಲು ಹೋಗಿ ದಾಖಲೆ ಇಳಿಸಿದ ಕಥೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸನಗರ ಕಡೆಯ ಹುಡುಗಿಯೊಬ್ಬಳು ಡಿಗ್ರಿ ಕೊನೇ ವರ್ಷದ ಪ್ರಾಜೆಕ್ಟಿಗೆ ಕ್ಯಾಮೆರಾದಲ್ಲಿ 400 ಫೋಟೋ ತೆಗೆದಿದ್ದಾಳೆ. ಒಂದೊಂದು 4 ಎಂಬಿ ಅಂದರೂ ಒಟ್ಟು 1.6 ಜಿಬಿ ಆಯಿತು. ಶಿವಮೊಗ್ಗದ ಒಂದು ಸೈಬರಿನಲ್ಲಿ ಕೂತು ಬ್ರೌಸರಿನಿಂದ ಹತ್ತಿಸಲು ನೋಡುತ್ತಾಳೆ. ನಡುವೆ ಕರೆಂಟ್ ಹೋಗಿ ಅಪ್‌ಲೋಡ್ ನಿಲ್ಲುತ್ತದೆ. ಅಲ್ಲಿನ ಹುಡುಗ ಒಂದು ಉಪಾಯ ಹೇಳುತ್ತಾನೆ: "ಡ್ರೈವ್ ಆ್ಯಪ್ ಹಾಕ್ಕೊಳಿ ಅಕ್ಕ, ಕರೆಂಟ್ ಬಂದ್ಮೇಲೆ ಅದೇ ಮುಂದುವರಿಸುತ್ತೆ." ಅವನು ಹೇಳಿದ್ದು ನಿಜ. ಆ್ಯಪ್ ಬಾಕಿ ಉಳಿದ ಫೈಲ್‌ಗಳನ್ನು ನೆನಪಿಟ್ಟುಕೊಂಡು ಮತ್ತೆ ಹತ್ತಿಸುತ್ತದೆ.

ಗೂಗಲ್ ಡ್ರೈವ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆಗಳಿವೆ. Stream files ಆರಿಸಿದರೆ ಫೈಲ್‌ಗಳ ಪಟ್ಟಿ ಮಾತ್ರ ಕಾಣಿಸುತ್ತದೆ, ತೆರೆದದ್ದು ಮಾತ್ರ ಡಿಸ್ಕ್‌ಗೆ ಇಳಿಯುತ್ತದೆ. Mirror files ಆರಿಸಿದರೆ ನಿಮ್ಮ ಡ್ರೈವ್‌ನಲ್ಲಿ ಏನೇನಿದೆಯೋ ಅದರ ಇಡೀ ಪ್ರತಿ ಆ ಕಂಪ್ಯೂಟರಿಗೆ ಬರುತ್ತದೆ. ಇಂಟರ್‌ನೆಟ್ ಕೈಕೊಟ್ಟರೂ ಕೆಲಸ ನಿಲ್ಲದಿರಲಿ ಅಂತ ಅವಳು Mirror ಆರಿಸುತ್ತಾಳೆ. ಮಲೆನಾಡಿನಲ್ಲಿ ಯಾರಿಗಾದರೂ ಅದೇ ಸರಿ ಅನ್ನಿಸುವುದು ಸಹಜ.

ಅವಳು ಹೋಗಿದ್ದು ಫೋಟೋಗಳನ್ನು ಮೇಲೆ ಹತ್ತಿಸಲು. ಆದರೆ ಅದೇ ಹೊತ್ತಿನಲ್ಲಿ ಅವಳ ಡ್ರೈವ್‌ನಲ್ಲಿದ್ದ 'ದಾಖಲೆ' ಅನ್ನುವ ಫೋಲ್ಡರ್ ಸದ್ದಿಲ್ಲದೆ ಕೆಳಗಿಳಿದು C:\Users\Admin\My Drive ಒಳಗೆ ಕೂತಿದೆ. ಅವಳು ಅದನ್ನು ತೆರೆದೇ ಇಲ್ಲ. ಆದರೂ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಸೈಬರಿನ ಡಿಸ್ಕ್ ಮೇಲಿವೆ. ಇಂಥ ಕಡೆ ಸಾಮಾನ್ಯವಾಗಿ ಎಲ್ಲರೂ ಬಳಸುವುದು ವಿಂಡೋಸ್‌ನ ಒಂದೇ ಖಾತೆಯನ್ನು. ಹಾಗಾಗಿ ಮುಂದೆ ಬಂದು ಕೂತವರು ಯಾರು ಬೇಕಾದರೂ ಈ ಫೋಲ್ಡರ್ ತೆರೆಯಬಹುದು.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ಇಸವಿ. ಅದೇ ಫೋಲ್ಡರಿನಲ್ಲಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರೂ ಇದೆ, ಹುಟ್ಟಿದ ದಿನಾಂಕವೂ ಇದೆ. ಬೀಗದ ಪಕ್ಕದಲ್ಲೇ ಬೀಗದ ಕೈ ಬಿಟ್ಟುಬಂದ ಹಾಗಾಯಿತು.

## ಮೊದಲು ಸಂಪರ್ಕ ಕಡಿಯಿರಿ, ಆಮೇಲೆ ಡಿಲೀಟ್ ಮಾಡಿ

ಕೆಲಸ ಮುಗಿದ ಮೇಲೆ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಕೆಲವರು ಆ್ಯಪ್ ಮುಚ್ಚಿ ಎದ್ದು ಹೋಗುತ್ತಾರೆ. ಆಗ ಖಾತೆ ಜೋಡಣೆಯಾಗಿಯೇ ಇರುತ್ತದೆ. ಕಂಪ್ಯೂಟರ್ ಮತ್ತೆ ಶುರುವಾದಾಗ ಆ್ಯಪ್ ತಾನೇ ಎದ್ದು ಸಿಂಕ್ ಮುಂದುವರಿಸುತ್ತದೆ. ನಾಳೆ ನೀವು ಊರಲ್ಲಿ ಕೂತು ಮೊಬೈಲಿನಿಂದ ಡ್ರೈವ್‌ಗೆ ಹಾಕಿದ ಹೊಸ ಫೈಲ್ ಕೂಡ ಶಿವಮೊಗ್ಗದ ಆ ಡಿಸ್ಕ್‌ಗೆ ಹೋಗಿ ಇಳಿಯುತ್ತದೆ. ಇನ್ನು ಕೆಲವರು ಎಚ್ಚರದಿಂದಲೇ My Drive ಫೋಲ್ಡರ್ ತೆರೆದು, ಎಲ್ಲವನ್ನೂ ಆಯ್ದು ಡಿಲೀಟ್ ಒತ್ತುತ್ತಾರೆ. ಸಂಪರ್ಕ ಇನ್ನೂ ಇರುವುದರಿಂದ ಕ್ಲೌಡ್‌ನಲ್ಲಿದ್ದ ಮೂಲವೂ ಕಸದ ಬುಟ್ಟಿಗೆ ಹೋಗುತ್ತದೆ. ಗೂಗಲ್ ಡ್ರೈವ್‌ನ Trash ಒಳಗೆ ಅವು 30 ದಿನ ಇರುತ್ತವೆ. ಅಷ್ಟರಲ್ಲಿ ಗಮನಿಸಿದರೆ ವಾಪಸ್ ತರಬಹುದು, ಇಲ್ಲವಾದರೆ ತಾನಾಗಿಯೇ ಅಳಿದುಹೋಗುತ್ತವೆ.

ಹಾಗಾಗಿ ಎಲ್ಲಕ್ಕಿಂತ ಮೊದಲು, ಹತ್ತಬೇಕಾದದ್ದೆಲ್ಲ ಹತ್ತಿದೆಯೇ ಅಂತ ನೋಡಿಕೊಳ್ಳಿ. ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಹತ್ತಿರ ಡ್ರೈವ್‌ನ ತ್ರಿಕೋನದ ಚಿಹ್ನೆ ಇರುತ್ತದೆ. ಅದನ್ನು ಒತ್ತಿದರೆ ಯಾವ ಫೈಲ್ ಹತ್ತುತ್ತಿದೆ, ಎಷ್ಟು ಬಾಕಿ ಇದೆ ಅಂತ ಕಾಣಿಸುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕರೆಂಟ್ ಹೋಗಿ ಬಂದ ದಿನ 400ರಲ್ಲಿ 250 ಫೋಟೋ ಮಾತ್ರ ಹತ್ತಿರಬಹುದು. ಉಳಿದ 150 ಆ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ. ಕ್ಯಾಮೆರಾ ಕಾರ್ಡನ್ನೂ ಖಾಲಿ ಮಾಡಿದ್ದರೆ ಅವು ಬೇರೆ ಎಲ್ಲೂ ಇಲ್ಲ. ಚಿಹ್ನೆ ಏನೇ ಹೇಳಲಿ, ಮೊಬೈಲಿನಲ್ಲಿ ಡ್ರೈವ್ ತೆರೆದು ಕೊನೆಯ ಕೆಲವು ಫೋಟೋ ಬಂದಿದೆಯೇ ಅಂತ ಕಣ್ಣಾರೆ ನೋಡುವುದು ಒಳ್ಳೆಯದು.

ಆಮೇಲೆ ಗೇಟ್ ವಾಲ್ವ್ ಮುಚ್ಚುವ ಕೆಲಸ. ಅದೇ ತ್ರಿಕೋನ ಚಿಹ್ನೆಯನ್ನು ಒತ್ತಿ, ಗೇರ್ ಚಿಹ್ನೆಯಿಂದ Preferences ತೆರೆಯಿರಿ. ಅಲ್ಲಿನ ಸೆಟ್ಟಿಂಗ್‌ನಲ್ಲಿ ನಿಮ್ಮ ಖಾತೆಯ ಜೊತೆಗೆ Disconnect account ಅಂತ ಇರುತ್ತದೆ. ಆ್ಯಪ್ ಹೊಸದಾದ ಹಾಗೆ ಈ ಬಟನ್ನಿನ ಜಾಗ ಅತ್ತಿತ್ತ ಆಗಬಹುದು, ಹುಡುಕಬೇಕಾದ್ದು ಈ ಎರಡು ಪದಗಳನ್ನು. ಅದನ್ನು ಒತ್ತಿ ಒಪ್ಪಿಗೆ ಕೊಟ್ಟರೆ ಖಾತೆ ಕಳಚಿಕೊಳ್ಳುತ್ತದೆ.

ಖಾತೆ ಕಳಚಿದ ಮೇಲೂ Mirror ಮಾಡಿದ್ದ ಫೋಲ್ಡರ್ ಹಾಗೇ ಉಳಿಯುತ್ತದೆ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಆ್ಯಪ್ ಅದನ್ನು ಮುಟ್ಟುವುದಿಲ್ಲ. ಯಾಕೆಂದರೆ ಹತ್ತದೇ ಉಳಿದ ಫೈಲ್ ಅದರಲ್ಲಿರಬಹುದು, ಅಳಿಸಿ ಬಳಕೆದಾರರಿಗೆ ನಷ್ಟ ಮಾಡಬಾರದು. ಸ್ವಂತ ಕಂಪ್ಯೂಟರಿನಲ್ಲಿ ಇದು ಒಳ್ಳೆಯ ವ್ಯವಸ್ಥೆ. ಸೈಬರಿನಲ್ಲಿ ಮಾತ್ರ ಅಳಿಸುವ ಕೆಲಸ ನಮ್ಮದೇ ಆಗುತ್ತದೆ.

ಈಗ ಸಂಪರ್ಕ ಇಲ್ಲದ್ದರಿಂದ ಧೈರ್ಯವಾಗಿ ಅಳಿಸಬಹುದು. My Drive ಫೋಲ್ಡರನ್ನು ಆಯ್ದು Shift ಮತ್ತು Delete ಎರಡನ್ನೂ ಒಟ್ಟಿಗೆ ಒತ್ತಿ. ಬರೀ Delete ಒತ್ತಿದರೆ ಅದು ಡೆಸ್ಕ್‌ಟಾಪ್ ಮೇಲಿನ Recycle Bin ಒಳಗೆ ಹೋಗಿ ಕೂರುತ್ತದೆ, ಯಾರು ಬೇಕಾದರೂ ಒಂದು ಕ್ಲಿಕ್‌ನಲ್ಲಿ ಹೊರಗೆ ತೆಗೆಯಬಹುದು. ಅಳಿಸಿದ ಮೇಲೆ ಮೊಬೈಲಿನಲ್ಲಿ ಇನ್ನೊಮ್ಮೆ ಡ್ರೈವ್ ತೆರೆಯಿರಿ. 'ದಾಖಲೆ' ಫೋಲ್ಡರ್ ಅಲ್ಲಿ ಇದ್ದ ಹಾಗೇ ಇದ್ದರೆ ಕೆಲಸ ಸರಿಯಾದ ಕ್ರಮದಲ್ಲಿ ಆಗಿದೆ ಅಂತ ಅರ್ಥ.

## ಹೆಸರಿಲ್ಲದ ಪ್ರತಿಗಳು

Stream ಆರಿಸಿದ್ದರೆ My Drive ಫೋಲ್ಡರ್ ಡಿಸ್ಕ್ ಮೇಲೆ ಇರುವುದಿಲ್ಲ. ಅದರ ಬದಲು G: ಅನ್ನುವಂಥ ಹೊಸ ಡ್ರೈವ್ ಕಾಣಿಸುತ್ತದೆ, ಖಾತೆ ಕಳಚಿದೊಡನೆ ಅದು ಮಾಯವಾಗುತ್ತದೆ. ಅಷ್ಟರಿಂದ ಎಲ್ಲ ಹೋಯಿತು ಅಂದುಕೊಳ್ಳಬೇಡಿ. ನೀವು ತೆರೆದ ಫೈಲ್‌ಗಳ ಪ್ರತಿಯನ್ನು ಆ್ಯಪ್ ತನ್ನ ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಬೇಗ ತೆರೆಯಲು ಇಟ್ಟುಕೊಳ್ಳುವ ಮರೆಯ ಜಾಗದಲ್ಲಿ ಇಟ್ಟಿರುತ್ತದೆ. ಅದನ್ನು ನೋಡಲು ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ಬರುವ ಪುಟ್ಟ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
%LocalAppData%\Google\DriveFS
```

ಅಲ್ಲಿ ಉದ್ದನೆಯ ಸಂಖ್ಯೆಯೇ ಹೆಸರಾಗಿರುವ ಫೋಲ್ಡರ್ ಇದ್ದರೆ ಅದು ಒಂದು ಖಾತೆಯದ್ದು. ಅದರೊಳಗೆ content_cache ಅನ್ನುವ ಫೋಲ್ಡರ್, ಅದರೊಳಗೆ ಬರೀ ಸಂಖ್ಯೆಗಳ ಹೆಸರಿನ ಫೈಲ್‌ಗಳು. ನೋಡಿದರೆ ಏನೂ ಅರ್ಥವಾಗುವುದಿಲ್ಲ. ಆದರೆ ಅವು ನಿಜವಾದ ಫೈಲ್‌ಗಳೇ. ಹೆಸರಿನ ಕೊನೆಗೆ .pdf ಅಂತಲೋ .jpg ಅಂತಲೋ ಸೇರಿಸಿದರೆ ತೆರೆದುಕೊಳ್ಳುತ್ತವೆ.

ಖಾತೆ ಕಳಚಿದ ಮೇಲೆ ನಿಮ್ಮ ಫೋಲ್ಡರ್ ಇಲ್ಲಿ ಉಳಿದಿದ್ದರೆ ಆ್ಯಪನ್ನು Quit ಮಾಡಿ ಅದನ್ನು ಅಳಿಸಿ. ಒಂದು ಎಚ್ಚರಿಕೆ: ಸೈಬರಿನವರ ಸ್ವಂತ ಖಾತೆಯೂ ಅದೇ ಆ್ಯಪ್‌ನಲ್ಲಿ ಇದ್ದರೆ ಸಂಖ್ಯೆಯ ಫೋಲ್ಡರ್ ಎರಡು ಇರಬಹುದು. ಯಾವುದು ನಿಮ್ಮದು ಅಂತ ಖಚಿತವಾಗದೆ ಮುಟ್ಟಬೇಡಿ. ಅವರ ಹತ್ತದೇ ಉಳಿದ ಫೈಲ್‌ಗಳು ಅದರಲ್ಲಿರಬಹುದು. ಹಾಗೇ Stream ಬಳಸುವವರು ಅಪ್‌ಲೋಡ್ ಪೂರ್ತಿ ಆಗುವ ಮುಂಚೆ ಖಾತೆ ಕಳಚಲೇಬಾರದು. ಬಾಕಿ ಫೈಲ್‌ಗಳಿರುವುದು ಈ ಕ್ಯಾಶ್‌ನಲ್ಲಿ ಮಾತ್ರ.

## ಆ್ಯಪ್ ಹಾಕದೆ ಬ್ರೌಸರಿನಲ್ಲೇ ಮುಗಿಸಿದರೆ?

ಹೋದ ಕೆಲಸ ಒಂದೆರಡು ಫೈಲ್ ಹತ್ತಿಸುವುದೋ ಪ್ರಿಂಟ್ ತೆಗೆಯುವುದೋ ಆಗಿದ್ದರೆ ಬ್ರೌಸರೇ ಸಾಕು, ಮತ್ತು ಅದೇ ಒಳ್ಳೆಯದು. ಕ್ರೋಮ್‌ನ ಬಲಮೂಲೆಯ ಪ್ರೊಫೈಲ್ ಚಿತ್ರ ಒತ್ತಿದರೆ ಗೆಸ್ಟ್ ಆಗಿ ತೆರೆಯುವ ಆಯ್ಕೆ ಸಿಗುತ್ತದೆ. ಅದಿಲ್ಲದಿದ್ದರೆ Ctrl, Shift, N ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೋ ಕಿಟಕಿ ತೆರೆಯಿರಿ. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದೊಡನೆ ಲಾಗಿನ್ ಅಳಿಯುತ್ತದೆ. ಮಾಮೂಲಿ ಕಿಟಕಿಯಲ್ಲಿ ಲಾಗಿನ್ ಆಗಿದ್ದಾಗ ಕರೆಂಟ್ ಹೋದರೆ ಲಾಗೌಟ್ ಆಗಲು ಸಮಯವೇ ಸಿಗುವುದಿಲ್ಲ. ಕಂಪ್ಯೂಟರ್ ಮತ್ತೆ ಶುರುವಾದಾಗ ನಿಮ್ಮ ಡ್ರೈವ್ ತೆರೆದೇ ಇರುತ್ತದೆ. ನೀವು ಅಷ್ಟರಲ್ಲಿ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿರಬಹುದು. ನಮ್ಮ ಕಡೆ ಗೆಸ್ಟ್ ಕಿಟಕಿ ಬಳಸಬೇಕಾದ್ದು ಮುಖ್ಯವಾಗಿ ಇದಕ್ಕೇ.

ಲಾಗಿನ್ ಆಗುವಾಗ ಎರಡನೇ ಹಂತದಲ್ಲಿ Don't ask again on this device ಅಂತ ಬರೆದಿದ್ದು, ಅದರ ಪಕ್ಕ ಟಿಕ್ ಮೊದಲೇ ಬಿದ್ದಿದ್ದರೆ ತೆಗೆದುಬಿಡಿ.

ಆದರೆ ಗೆಸ್ಟ್ ಕಿಟಕಿ ಅಳಿಸದೇ ಬಿಡುವುದು ಒಂದಿದೆ. ಅದು ಡೌನ್‌ಲೋಡ್ ಆದ ಫೈಲ್. ಆಧಾರ್ ಪ್ರಿಂಟ್ ತೆಗೆಯಲು ಇಳಿಸಿಕೊಂಡದ್ದು Downloads ಫೋಲ್ಡರಿನಲ್ಲೇ ಉಳಿಯುತ್ತದೆ. ಕಿಟಕಿ ಮುಚ್ಚಿದರೆ ಡೌನ್‌ಲೋಡ್ ಪಟ್ಟಿ ಮಾತ್ರ ಅಳಿಯುತ್ತದೆ, ಫೈಲ್ ಅಲ್ಲ. ಇದರಿಂದ ಇನ್ನಷ್ಟು ಕಷ್ಟ, ಯಾಕೆಂದರೆ ಏನೇನು ಇಳಿಸಿದಿರಿ ಅನ್ನುವ ಲೆಕ್ಕವೇ ಕೈತಪ್ಪುತ್ತದೆ. ಅದಕ್ಕೇ ಮುಚ್ಚುವ ಮೊದಲು Ctrl ಮತ್ತು J ಒತ್ತಿ ಪಟ್ಟಿ ತೆರೆಯಿರಿ. ಒಂದೊಂದನ್ನೂ ಅದರ ಫೋಲ್ಡರಿನಲ್ಲಿ ತೋರಿಸುವಂತೆ ಕೇಳಿ, ಅಲ್ಲಿಂದ Shift ಒತ್ತಿ ಡಿಲೀಟ್ ಮಾಡಿ. ಒಂದೇ ಫೈಲನ್ನು ಎರಡು ಸಲ ಇಳಿಸಿದ್ದರೆ ಎರಡನೆಯದಕ್ಕೆ aadhaar (1).pdf ಅನ್ನುವ ಹಾಗೆ ಹೆಸರು ಬಿದ್ದಿರುತ್ತದೆ. ಡ್ರೈವ್‌ನಿಂದ ಹಲವು ಫೈಲ್ ಒಟ್ಟಿಗೆ ಇಳಿಸಿದರೆ drive-download- ಅಂತ ಶುರುವಾಗುವ ಒಂದು ಜಿಪ್ ಬರುತ್ತದೆ. ಅದನ್ನು ಬಿಚ್ಚಿದ ಮೇಲೆ ಜಿಪ್ ಒಂದು, ಬಿಚ್ಚಿದ ಫೋಲ್ಡರ್ ಒಂದು, ಎರಡು ಪ್ರತಿ ಆಗಿರುತ್ತವೆ. ಜನ ಫೋಲ್ಡರ್ ಅಳಿಸಿ ಜಿಪ್ ಮರೆಯುತ್ತಾರೆ.

ಪ್ರಿಂಟಿಗೆ ಅಂತ ಕೌಂಟರಿನವರ ವಾಟ್ಸ್‌ಆ್ಯಪ್‌ಗೆ ಕಳಿಸಿದ ಫೈಲ್ ಕೂಡ ಅವರ ಕಂಪ್ಯೂಟರಿನ Downloads ಒಳಗೇ ಇಳಿಯುತ್ತದೆ. ಪ್ರಿಂಟ್ ಕೈಗೆ ಬಂದ ಮೇಲೆ "ಅಣ್ಣ, ಆ ಫೈಲ್ ಡಿಲೀಟ್ ಮಾಡಿಬಿಡಿ" ಅಂತ ಹೇಳಿ, ಅವರು ಮಾಡುವುದನ್ನು ನಿಂತು ನೋಡಿ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

## ಆಫೀಸಿನ ಕಂಪ್ಯೂಟರ್ ಮತ್ತು ಒನ್‌ಡ್ರೈವ್

ಸೊಸೈಟಿ, ಶಾಲೆ, ಲೆಕ್ಕಪತ್ರದ ಆಫೀಸುಗಳಲ್ಲಿ ಇಬ್ಬರು ಮೂವರು ಒಂದೇ ಕಂಪ್ಯೂಟರ್ ಹಂಚಿಕೊಳ್ಳುವುದು ಮಾಮೂಲಿ. ಅಲ್ಲಿ ಹೆಚ್ಚಾಗಿ ಎದುರಾಗುವುದು ಒನ್‌ಡ್ರೈವ್, ಯಾಕೆಂದರೆ ಅದು ವಿಂಡೋಸ್ ಜೊತೆಗೇ ಬಂದಿರುತ್ತದೆ. ಕ್ರಮ ಇಲ್ಲೂ ಅದೇ. ಗಡಿಯಾರದ ಹತ್ತಿರ ಇರುವ ಮೋಡದ ಚಿಹ್ನೆ ಒತ್ತಿ, Settings ಒಳಗೆ Account ತೆರೆದು, ಮೊದಲು Unlink this PC ಮಾಡಬೇಕು. ಆಮೇಲೆ ಉಳಿದ ಫೋಲ್ಡರ್ ಅಳಿಸಬೇಕು.

ಯಾವ ಫೈಲ್ ಡಿಸ್ಕ್‌ಗೆ ಇಳಿದಿದೆ ಅನ್ನುವುದನ್ನು ಒನ್‌ಡ್ರೈವ್ ಚಿಹ್ನೆಯಲ್ಲೇ ತೋರಿಸುತ್ತದೆ. ಫೈಲ್ ಪಕ್ಕ ನೀಲಿ ಮೋಡ ಇದ್ದರೆ ಅದು ಕ್ಲೌಡ್‌ನಲ್ಲಿ ಮಾತ್ರ ಇದೆ. ಹಸಿರು ಟಿಕ್ ಇದ್ದರೆ ಈ ಕಂಪ್ಯೂಟರಿನಲ್ಲೂ ಪ್ರತಿ ಇದೆ. Unlink ಮಾಡಿದ ಮೇಲೆ ನೀಲಿ ಮೋಡದವು ಕಾಣೆಯಾಗುತ್ತವೆ, ಹಸಿರು ಟಿಕ್‌ನವು ಉಳಿಯುತ್ತವೆ. ಹಾಗಾಗಿ ಬರೀ Unlink ಮಾಡಿ ಎದ್ದರೆ, ನೀವು ಜಾಸ್ತಿ ಬಳಸಿದ ಫೈಲ್‌ಗಳೇ ಮುಂದೆ ಬರುವವರಿಗೆ ಸಿಗುತ್ತವೆ.

ಇಲ್ಲಿ ಇನ್ನೊಂದು ತೊಡಕು ಇದೆ. ಲಾಗಿನ್ ಆಗುವಾಗ ಒನ್‌ಡ್ರೈವ್ Desktop, Documents, Pictures ಫೋಲ್ಡರುಗಳನ್ನು ಬ್ಯಾಕಪ್ ಮಾಡಲೇ ಅಂತ ಕೇಳುತ್ತದೆ. ಸುಮ್ನೆ ಒಪ್ಪಿಗೆ ಒತ್ತಿದರೆ ಆ ಫೋಲ್ಡರುಗಳಲ್ಲಿರುವ ಸಹೋದ್ಯೋಗಿಗಳ ಫೈಲ್‌ಗಳೂ ನಿಮ್ಮ ಖಾತೆಗೆ ಹತ್ತಿಬಿಡುತ್ತವೆ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಈ ಪ್ರಶ್ನೆಗೆ ಬೇಡ ಅಂತಲೇ ಹೇಳಬೇಕು. ಮೊದಲೇ ಒಪ್ಪಿದ್ದರೆ ಬ್ಯಾಕಪ್ ನಿಲ್ಲಿಸಿ, ಅವರ ಫೈಲ್‌ಗಳು ಎಲ್ಲಿವೆ ಅಂತ ಅವರಿಗೆ ತೋರಿಸಿ, ಅವರು ತಮ್ಮದನ್ನು ಬೇರೆ ಕಡೆ ಇಟ್ಟುಕೊಂಡ ಮೇಲೆ ಅಳಿಸುವ ಕೆಲಸಕ್ಕೆ ಕೈಹಾಕಿ. ಇಂಥ ಕಡೆ ಪ್ರತಿಯೊಬ್ಬರಿಗೂ ವಿಂಡೋಸ್‌ನಲ್ಲಿ ಬೇರೆ ಬೇರೆ ಖಾತೆ ಮಾಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಆಗಲೂ ಕಂಪ್ಯೂಟರಿನ ಅಡ್ಮಿನ್ ಆಗಿರುವವರು ಎಲ್ಲರ ಫೋಲ್ಡರನ್ನೂ ತೆರೆಯಬಲ್ಲರು.

## ಊರು ಸೇರಿದ ಮೇಲೆ ನೆನಪಾದರೆ

ಸೈಬರಿನಲ್ಲಿ Mirror ಹಾಗೇ ಬಿಟ್ಟು ಬಂದಿದ್ದು ಬಸ್ ಆಯನೂರು ದಾಟಿದ ಮೇಲೆ ನೆನಪಾಯಿತು ಅಂದುಕೊಳ್ಳಿ. ಮೊಬೈಲಿನಲ್ಲಿ ಗೂಗಲ್ ಖಾತೆಯ Security ವಿಭಾಗ ತೆರೆದರೆ Your devices ಅಂತ ಪಟ್ಟಿ ಇರುತ್ತದೆ. ಅಲ್ಲಿಂದ ಆ ಕಂಪ್ಯೂಟರನ್ನು ಲಾಗೌಟ್ ಮಾಡಬಹುದು. ಆದರೆ ತಕ್ಷಣ ಹಾಗೆ ಮಾಡಬೇಡಿ. ದೂರದಿಂದ ಲಾಗೌಟ್ ಮಾಡಿದರೆ ಸಂಪರ್ಕ ಕಡಿಯುತ್ತದೆಯೇ ಹೊರತು ಡಿಸ್ಕ್ ಮೇಲಿನ ಪ್ರತಿ ಅಳಿಯುವುದಿಲ್ಲ.

ಸಂಪರ್ಕ ಇನ್ನೂ ಇದೆ ಅನ್ನುವುದನ್ನೇ ಇಲ್ಲಿ ಅನುಕೂಲವಾಗಿ ಬಳಸಿಕೊಳ್ಳಬಹುದು. ಮೊದಲು ಮುಖ್ಯ ದಾಖಲೆಗಳನ್ನು ಮೊಬೈಲಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆಮೇಲೆ ಮೊಬೈಲಿನ ಡ್ರೈವ್‌ನಲ್ಲಿ 'ದಾಖಲೆ' ಫೋಲ್ಡರನ್ನು Trash ಒಳಗೆ ಹಾಕಿ. ಸೈಬರಿನ ಕಂಪ್ಯೂಟರ್ ಆನ್ ಆಗಿದ್ದು, ಇಂಟರ್‌ನೆಟ್ ಇದ್ದು, ಆ್ಯಪ್ ಓಡುತ್ತಿದ್ದರೆ ಅಲ್ಲಿನ My Drive ಫೋಲ್ಡರಿನಿಂದಲೂ ಅದು ಹೋಗುತ್ತದೆ. ಹೋಗಿದೆಯೇ ಅಂತ ಮೊಬೈಲಿನಿಂದ ತಿಳಿಯುವುದಿಲ್ಲ. ಸೈಬರಿಗೆ ಫೋನ್ ಮಾಡಿ, My Drive ಮತ್ತು Recycle Bin ಎರಡನ್ನೂ ನೋಡಿ ಉಳಿದದ್ದನ್ನು ಅಳಿಸಲು ಕೇಳಿಕೊಳ್ಳಬೇಕು. ಅವರು ಖಾಲಿ ಇದೆ ಅಂದ ಮೇಲೆ Your devices ಪಟ್ಟಿಯಿಂದ ಆ ಕಂಪ್ಯೂಟರನ್ನು ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಕೊನೆಗೆ Trash ತೆರೆದು ಫೋಲ್ಡರನ್ನು ವಾಪಸ್ ತನ್ನಿ. ವಾಪಸ್ ತರುವುದನ್ನು ಮೊದಲೇ ಮಾಡಿದರೆ ಅದು ಮತ್ತೆ ಸೈಬರಿಗೆ ಇಳಿಯುತ್ತದೆ. 30 ದಿನ ಮೀರಿದರೆ ತರಲು ಏನೂ ಉಳಿದಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದೆ. ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಡಿಲೀಟ್ ಅಂದರೆ ಆ ಜಾಗ ಖಾಲಿ ಅಂತ ಗುರುತು ಹಾಕುವುದಷ್ಟೇ. ಆ ಜಾಗದಲ್ಲಿ ಬೇರೆ ಏನಾದರೂ ಬರೆಯುವ ತನಕ, ಕಳೆದ ಫೈಲ್ ಹುಡುಕಿಕೊಡುವ ಸಾಫ್ಟ್‌ವೇರ್ ಹಾಕಿದರೆ ಅದು ಸಿಗಬಹುದು. ಹೊಸ ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಸ್ವಚ್ಛ ಮಾಡಿಕೊಳ್ಳುವುದರಿಂದ ಆ ಸಾಧ್ಯತೆ ತೀರಾ ಕಡಿಮೆ. ಯಾವ ಡಿಸ್ಕ್ ಇದೆ ಅಂತ ಸೈಬರಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಸೈಬರಿನ ಕೆಲಸಕ್ಕೇ ಒಂದು ಬೇರೆ ಗೂಗಲ್ ಖಾತೆ ಮಾಡಿಟ್ಟುಕೊಳ್ಳಿ. ಮನೆಯಿಂದ ಹೊರಡುವ ಮುಂಚೆ, ಅವತ್ತು ಬೇಕಾದ ಎರಡು ಮೂರು ಫೈಲನ್ನು ಮಾತ್ರ ಮೊಬೈಲಿನಿಂದ ಅದಕ್ಕೆ ಹಾಕಿಕೊಳ್ಳಿ. ಆ ಖಾತೆಯಲ್ಲಿ Mirror ಆದರೂ ಇಳಿಯುವುದು ಆ ಎರಡು ಮೂರು ಫೈಲ್ ಮಾತ್ರ.